ಹದಿಮೂರು ಲಕ್ಷ ಎಲ್ಲಿಂದ ಬಂತು: ತಿಕೋಟಾದ ಮಣೂಕ ಬೆಳೆಗಾರರೊಬ್ಬರು ಬ್ಯಾಂಕಿಗೆ ಕೊಟ್ಟ ಲೆಕ್ಕ

ವಿಜಯಪುರ ನಗರದ ಒಂದು ಬ್ಯಾಂಕ್ ಶಾಖೆಯಿಂದ 2025ರ ಮಾರ್ಚ್ 24ರಂದು ತಿಕೋಟಾ ತಾಲೂಕಿನ, ಮಣೂಕ ಎಂದರೆ ಒಣದ್ರಾಕ್ಷಿ ಮಾಡುವ ರೈತರೊಬ್ಬರಿಗೆ ಪತ್ರ ಹೋಯಿತು. ಅದರಲ್ಲಿದ್ದದ್ದು ನಾಲ್ಕೇ ಸಾಲು. ‘ನಿಮ್ಮ ಉಳಿತಾಯ ಖಾತೆಗೆ ಮಾರ್ಚ್ 10ರಿಂದ 17ರ ನಡುವೆ ಒಟ್ಟು ₹13,00,000 ನಗದು ಜಮಾ ಆಗಿದೆ. ಈ ಹಣದ ಮೂಲವನ್ನು ದಾಖಲೆ ಸಮೇತ ಏಳು ದಿನದೊಳಗೆ ತಿಳಿಸಿರಿ.’ ಈ ಬರಹ ಆ ಪತ್ರಕ್ಕೆ ಉತ್ತರ ಸಿದ್ಧವಾದ ಬಗೆಯ ಬಗ್ಗೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇವೆ, ಅಂಕಿಗಳನ್ನು ಲೆಕ್ಕ ತಿಳಿಯುವಂತೆ ಹೊಂದಿಸಿದ್ದೇವೆ. ಕಾನೂನಿನ ಮಾತು ಬಂದಲ್ಲೆಲ್ಲ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯದೇ ಕಲಂ ಸಂಖ್ಯೆ ಕೊಟ್ಟಿದ್ದೇವೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸಂಖ್ಯೆಗಳು ಬದಲಾಗಿವೆ.

ಜಮಾ ಆದ ರೀತಿಯನ್ನು ಮೊದಲು ನೋಡಬೇಕು. ಮಾರ್ಚ್ 10, 11, 12, 13 ನಾಲ್ಕೂ ದಿನ ತಲಾ ₹49,000. ಆಮೇಲೆ 17ರಂದು ಒಂದೇ ಸಲ ₹11,04,000. ಹಣ ತುಂಬಿದ್ದು ಬೆಳೆ ಸಾಲ ಕಟ್ಟಿ ಹೊಸದು ಮಾಡಿಸಲು, ಉಳಿದದ್ದರಲ್ಲಿ ಟ್ರ್ಯಾಕ್ಟರ್ ಕೊಳ್ಳಲು. ಉದ್ದೇಶದಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೆ ಬ್ಯಾಂಕಿನ ಕಂಪ್ಯೂಟರಿಗೆ ಉದ್ದೇಶ ಕಾಣುವುದಿಲ್ಲ, ನಮೂನೆ ಮಾತ್ರ ಕಾಣುತ್ತದೆ. ಅದಕ್ಕೆ ಕಂಡದ್ದು ಮೂರು. ಒಂದು, ಪ್ಯಾನ್ ಕೇಳುವ ಐವತ್ತು ಸಾವಿರದ ಗೆರೆಗೆ ಸಾವಿರ ಕಮ್ಮಿ ಇರುವ ಮೊತ್ತ ನಾಲ್ಕು ದಿನ ಸತತ ಬಂದಿದೆ. ಎರಡು, ಒಂದೇ ವ್ಯವಹಾರದಲ್ಲಿ ಹತ್ತು ಲಕ್ಷ ದಾಟಿದೆ. ಮೂರನೆಯದು ಖಾತೆದಾರರ ನೆನಪಿನಲ್ಲೂ ಇರಲಿಲ್ಲ: 2016ರಲ್ಲಿ ಖಾತೆ ತೆರೆಯುವಾಗ ತುಂಬಿದ ಅರ್ಜಿಯಲ್ಲಿ ವಾರ್ಷಿಕ ಆದಾಯ ‘ಒಂದು ಲಕ್ಷದೊಳಗೆ’ ಎಂಬ ಚೌಕಕ್ಕೆ ಗುರುತು ಹಾಕಿದ್ದು ಹಾಗೇ ಉಳಿದಿತ್ತು. ಇಂಥ ವಿಚಾರಣೆಗಳು ಎಷ್ಟೋ ಸಲ ಹುಟ್ಟುವುದು ಈ ಮೂರನೆಯ ಕಾರಣದಿಂದ. ಹಣ ದೊಡ್ಡದು ಎನ್ನುವುದಕ್ಕಿಂತ, ಬ್ಯಾಂಕಿಗೆ ಗೊತ್ತಿರುವ ಮನುಷ್ಯನಿಗೆ ಆ ಹಣ ಹೊಂದುವುದಿಲ್ಲ ಎನ್ನುವುದೇ ಅದರ ತಕರಾರು.

ಪತ್ರ ಬಂದ ಎರಡನೇ ದಿನ ಖಾತೆದಾರರು ತಮ್ಮ ಮಟ್ಟಿಗೆ ಉತ್ತರ ಬರೆದುಕೊಟ್ಟರು: ‘ಇದು ನನ್ನ ಕೃಷಿ ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇರುವುದಿಲ್ಲ.’ ಜೊತೆಗೆ ನಾಲ್ಕು ಎಕರೆಯ ಉತಾರದ, ಅಂದರೆ ಪಹಣಿಯ, ಪ್ರತಿ ಲಗತ್ತಿಸಿದ್ದರು. ಬ್ಯಾಂಕು ಅದನ್ನು ಮರಳಿಸಿತು. ಎರಡನೇ ವಾಕ್ಯದಲ್ಲಿ ಸುಳ್ಳಿಲ್ಲ, ಮೊದಲನೆಯದು ಪೂರ್ತಿ ನಿಜವಲ್ಲ, ಹೇಗಿದ್ದರೂ ಕೇಳಿದ ಪ್ರಶ್ನೆಗೆ ಅವು ಉತ್ತರವಲ್ಲ. ತೆರಿಗೆ ಬೀಳುತ್ತದೋ ಇಲ್ಲವೋ ಎಂದು ಬ್ಯಾಂಕು ಕೇಳಿಯೇ ಇರಲಿಲ್ಲ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಮತ್ತು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನಗಳ ಪ್ರಕಾರ ಅದು ತಿಳಿಯಬೇಕಾದದ್ದು, ಈ ನೋಟುಗಳು ಯಾರ ಕೈಯಿಂದ, ಯಾವ ದಿನ, ಯಾವ ಕಾರಣಕ್ಕೆ ಬಂದವು ಮತ್ತು ಕೌಂಟರಿಗೆ ಬರುವ ತನಕ ಎಲ್ಲಿದ್ದವು ಎನ್ನುವುದನ್ನು. ಅದಕ್ಕಿಂತ ದೊಡ್ಡ ಪೆಟ್ಟು ಲಗತ್ತಿಸಿದ ಉತಾರದಲ್ಲೇ ಇತ್ತು. ಬೆಳೆಯ ಕಾಲಂನಲ್ಲಿ ‘ಜೋಳ’ ಎಂದಿತ್ತು. ನಾಲ್ಕು ಎಕರೆ ಜೋಳದಲ್ಲಿ ಹದಿಮೂರು ಲಕ್ಷ ಉಳಿಯುವುದಿಲ್ಲ ಎಂಬುದು ವಿಜಯಪುರದಲ್ಲಿ ಕೆಲಸ ಮಾಡುವ ಯಾವ ಬ್ಯಾಂಕ್ ಅಧಿಕಾರಿಗೂ ಗೊತ್ತು.

ಹತ್ತು ದಿನದ ಹೆಚ್ಚಿನ ಸಮಯ ಬರೆದು ಕೇಳಿ ಪಡೆದ ಮೇಲೆ ಕೆಲಸ ಸರಿಯಾದ ಕಡೆಯಿಂದ ಶುರುವಾಯಿತು. ಮೊದಲು ಹದಿಮೂರು ಲಕ್ಷವನ್ನು ಅದರ ನಿಜವಾದ ಕವಲುಗಳಿಗೆ ಒಡೆದದ್ದು. ಕೂತು ಕೇಳಿದಾಗ ಮೂರು ಕವಲು ಸಿಕ್ಕವು: ಮಣೂಕ ಮಾರಿದ ರೊಕ್ಕ, ಮನೆ ಕಟ್ಟಲೆಂದು ಹಿಂದೆ ಬೇರೆ ಬ್ಯಾಂಕಿನಿಂದ ತೆಗೆದಿಟ್ಟ ರೊಕ್ಕ, ಮತ್ತು ಅಣ್ಣ ಕೊಟ್ಟ ರೊಕ್ಕ. ಎಲ್ಲವನ್ನೂ ‘ಕೃಷಿ ಆದಾಯ’ ಎಂಬ ಒಂದೇ ಚೀಲಕ್ಕೆ ತುಂಬಿದ್ದೇ ಮೊದಲ ಉತ್ತರದ ಮೂಲ ತಪ್ಪು.

ಮಣೂಕದ ಕವಲಿನಲ್ಲಿ ಕಾಗದ ಬೇಕಾದಷ್ಟಿತ್ತು, ಒಂದಕ್ಕೊಂದು ಹೊಂದಿಸಿರಲಿಲ್ಲ ಅಷ್ಟೆ. 2024ರ ಬೇಸಿಗೆಯಲ್ಲಿ ಶೆಡ್ಡಿನಲ್ಲಿ ಒಣಗಿಸಿದ ಮಾಲು 15 ಕಿಲೋದ 560 ಬಾಕ್ಸ್, ಅಂದರೆ 8,400 ಕಿಲೋ, ಕೋಲ್ಡ್ ಸ್ಟೋರೇಜಿಗೆ ಹೋಗಿತ್ತು. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಎಂದು ಹಿಡಿದರೆ ಎಕರೆಗೆ ಸುಮಾರು ಎಂಟೂವರೆ ಟನ್ ಹಸಿ ಮಾಲು. ಈ ಭಾಗದ ತೋಟಕ್ಕೆ ಅದು ಸಹಜ ಇಳುವರಿ. ಈ ಲೆಕ್ಕವನ್ನು ಉತ್ತರದಲ್ಲೇ ಒಂದು ಸಾಲಿನಲ್ಲಿ ಬರೆದದ್ದು ಒಳ್ಳೆಯದಾಯಿತು. ಓದುವ ಅಧಿಕಾರಿ ಬೇರೆ ಜಿಲ್ಲೆಯವರಾದರೆ ಎಕರೆಯಿಂದ ಬಾಕ್ಸಿಗೆ ಹೋಗುವ ದಾರಿ ಅವರಿಗೆ ತಿಳಿದಿರುವುದಿಲ್ಲ.

ಉತಾರದ ‘ಜೋಳ’ಕ್ಕೆ ಎದುರಾಗಿ ಮೂರು ಕಾಗದ ಇಟ್ಟರು: ಅದೇ ಸರ್ವೆ ನಂಬರಿನ ಬೆಳೆ ಸಮೀಕ್ಷೆಯಲ್ಲಿ ದ್ರಾಕ್ಷಿ ಎಂದು ದಾಖಲಾದ ವಿವರ, ಹವಾಮಾನ ಆಧಾರಿತ ಬೆಳೆ ವಿಮೆಗೆ ದ್ರಾಕ್ಷಿ ಹೆಸರಿನಲ್ಲಿ ಕಂತು ಕಟ್ಟಿದ ರಸೀದಿ, ಮತ್ತು ಕೋಲ್ಡ್ ಸ್ಟೋರೇಜಿನ ಜಮಾ ಪಾವತಿ. ಉತಾರ ತಿದ್ದಿಸಿ ತಂದು ಕೊಡೋಣ ಎಂಬ ಸಲಹೆಯೂ ಬಂದಿತ್ತು. ತಿದ್ದಿಸಲೇಬೇಕು, ಆದರೆ ಅದು ಮುಂದಿನ ವರ್ಷಗಳಿಗೆ. ವಿಚಾರಣೆಯ ನಡುವೆ ತಿದ್ದಿದ ದಾಖಲೆಗಿಂತ, ವಿಚಾರಣೆಗೆ ಒಂದು ವರ್ಷ ಮೊದಲೇ ಹುಟ್ಟಿದ ವಿಮಾ ರಸೀದಿಗೆ ತೂಕ ಹೆಚ್ಚು.

560 ಬಾಕ್ಸಿನಲ್ಲಿ 160 ಬಾಕ್ಸ್ ಸೆಪ್ಟೆಂಬರಿನಲ್ಲಿ ತಾಸಗಾವದ ಅಡತಿ ಅಂಗಡಿಯಲ್ಲಿ ಮಾರಾಟವಾಗಿ ₹3,36,000 ಇದೇ ಖಾತೆಗೆ ಆರ್‌ಟಿಜಿಎಸ್ ಆಗಿತ್ತು. ಆ ದುಡ್ಡು ನಗದಿನ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಇವರು ಮಣೂಕ ಮಾರುವವರು ಎಂಬುದಕ್ಕೆ ಬ್ಯಾಂಕಿನ ಸ್ವಂತ ಪುಸ್ತಕದಲ್ಲೇ ಇರುವ ಸಾಕ್ಷಿ ಅದು, ಹಾಗಾಗಿ ಆ ಸಾಲಿಗೆ ಗುರುತು ಹಾಕಿ ಸ್ಟೇಟ್‌ಮೆಂಟ್ ಲಗತ್ತಿಸಿದರು. ಉಳಿದ 400 ಬಾಕ್ಸ್ ನಾಲ್ಕು ಸಲ ನಗದಿಗೆ ಹೋದವು:

| ದಿನ | ಬಾಕ್ಸ್ | ಕಿಲೋ ದರ | ಮೊತ್ತ |
|---|---|---|---|
| 8-11-2024 | 80 | ₹145 | ₹1,74,000 |
| 6-12-2024 | 80 | ₹148 | ₹1,77,600 |
| 10-1-2025 | 90 | ₹145 | ₹1,95,750 |
| 14-2-2025 | 150 | ₹150 | ₹3,37,500 |

ಪ್ರತಿ ಮಾರಾಟಕ್ಕೂ ಎರಡು ಕಾಗದವನ್ನು ಜೋಡಿ ಮಾಡಿ ಪಿನ್ ಹಾಕಿದರು: ವ್ಯಾಪಾರಿಯ ಪಟ್ಟಿ, ಮತ್ತು ಅದೇ ದಿನ ಅಷ್ಟೇ ಬಾಕ್ಸ್ ಹೊರಗೆ ಹೋದ ಕೋಲ್ಡ್ ಸ್ಟೋರೇಜಿನ ಗೇಟ್‌ಪಾಸ್. ಪಟ್ಟಿ ಒಂದನ್ನೇ ಕೊಟ್ಟರೆ ಅದು ವ್ಯಾಪಾರಿ ಮತ್ತು ರೈತ ಇಬ್ಬರ ನಡುವಿನ ಚೀಟಿ. ಗೇಟ್‌ಪಾಸ್ ಬರೆದವರು ಮೂರನೆಯವರು, ಅವರಿಗೆ ದರದ ಸಂಬಂಧವಿಲ್ಲ. ಎರಡರ ಬಾಕ್ಸ್ ಸಂಖ್ಯೆ ಕೂಡಿದರೆ ಮಾರಾಟ ನಡೆದದ್ದು ನಿಜ ಎಂಬುದು ಬಹುಮಟ್ಟಿಗೆ ಸಿದ್ಧವಾದಂತೆಯೇ. ಪಟ್ಟಿಯಲ್ಲಿ ಜಿಎಸ್‌ಟಿ ಇಲ್ಲವಲ್ಲ ಎಂದು ಶಾಖೆಯವರು ಕೇಳಿದ್ದಕ್ಕೂ ಉತ್ತರ ಸಿದ್ಧವಿತ್ತು: ರೈತರು ತಾವೇ ಬೆಳೆದು ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಹತ್ತುವುದಿಲ್ಲ ಎಂದು 2024ರ ಡಿಸೆಂಬರ್ 21ರ ಜಿಎಸ್‌ಟಿ ಮಂಡಳಿಯ 55ನೇ ಸಭೆ ಸ್ಪಷ್ಟಪಡಿಸಿತ್ತು.

ತೊಡಕು ಇದ್ದದ್ದು ಫೆಬ್ರವರಿ 14ರ ಮಾರಾಟದಲ್ಲಿ. ಕಲಂ 269ಎಸ್‌ಟಿ ಪ್ರಕಾರ ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ವ್ಯವಹಾರಕ್ಕೆ, ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ರೈತರಿಗೆ ಈ ಕಲಂ ಅನ್ವಯಿಸುವುದಿಲ್ಲ ಎಂದು ಊರಲ್ಲಿ ಬಹಳ ಜನ ನಂಬಿದ್ದಾರೆ, ಅದು ತಪ್ಪು. ನೇರ ತೆರಿಗೆ ಮಂಡಳಿಯ 2017ರ ನವೆಂಬರ್ 3ರ ಸುತ್ತೋಲೆ ರೈತರ ನಗದು ಮಾರಾಟಕ್ಕೆ ಅನುಕೂಲ ಕೊಟ್ಟಿದ್ದು ಎರಡು ಲಕ್ಷಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಮೊದಲ ಮೂರು ಮಾರಾಟ ಆ ಗೆರೆಯ ಒಳಗಿದ್ದವು. ನಾಲ್ಕನೆಯದು ದಾಟಿತ್ತು.

ಸುದ್ದಿ ತಿಳಿದ ವ್ಯಾಪಾರಿ ಸಹಾಯ ಮಾಡಲು ಮುಂದೆ ಬಂದರು, ಬೇರೆ ಬೇರೆ ತಾರೀಖಿನ ಎರಡು ಪಟ್ಟಿ ಬರೆದುಕೊಡುವುದಾಗಿ ಹೇಳಿದರು. ಇಂಥ ಸಹಾಯ ಒಪ್ಪಿಕೊಂಡವರು ಕೆಡುವುದು ಇಲ್ಲೇ. ಗೇಟ್‌ಪಾಸ್‌ನಲ್ಲಿ 150 ಬಾಕ್ಸ್ ಒಂದೇ ಗಾಡಿಯಲ್ಲಿ ಒಂದೇ ದಿನ ಹೊರಗೆ ಹೋದದ್ದು ಬರೆದಿದೆ. ಪಟ್ಟಿ ಎರಡಾದರೂ ವ್ಯವಹಾರ ಒಂದೇ ಆದ್ದರಿಂದ ಕಲಂ ತಪ್ಪುವುದೂ ಇಲ್ಲ. ಉಳಿಯುವುದು ಖೊಟ್ಟಿ ಕಾಗದ ಕೊಟ್ಟರೆಂಬ ಆರೋಪ ಮಾತ್ರ. ಅದೊಂದು ಬಂದರೆ ನಿಜವಿದ್ದ ಉಳಿದ ಮೂರು ಪಟ್ಟಿಗಳನ್ನೂ ಯಾರೂ ನಂಬುವುದಿಲ್ಲ. ಹಾಗಾಗಿ ಇದ್ದ ಪಟ್ಟಿಯನ್ನೇ ಕೊಟ್ಟು, ಮೊತ್ತವನ್ನು ಇದ್ದಂತೆಯೇ ಬರೆದರು. ಈ ದಂಡ ಹಾಕುವುದು ಬ್ಯಾಂಕಿನ ಕೆಲಸವಲ್ಲ, ಆದಾಯ ತೆರಿಗೆ ಇಲಾಖೆಯದು. ಇಲಾಖೆ ಕೇಳಿದ ದಿನ ಸಮರ್ಪಕ ಕಾರಣ ತೋರಿಸಿದರೆ ದಂಡ ಬಿಡುವ ಅವಕಾಶ ಕಾಯ್ದೆಯಲ್ಲೇ ಇದೆ. ಆ ದಿನಕ್ಕೆಂದು ಮಾಲಿನ ವಿವರ, ಪಟ್ಟಿ, ಗಾಡಿ ನಂಬರ್ ಎಲ್ಲವನ್ನೂ ಲೆಕ್ಕ ಪರಿಶೋಧಕರ ಬಳಿ ಬೇರೆಯೇ ಒಂದು ಫೈಲಿನಲ್ಲಿ ಇಟ್ಟರು.

ನಾಲ್ಕು ಮಾರಾಟದ ಒಟ್ಟು ₹8,84,850. ಇದನ್ನೇ ಮೂಲ ಎಂದು ತೋರಿಸಿದ್ದರೆ ಉತ್ತರ ಮತ್ತೆ ಬಿದ್ದುಹೋಗುತ್ತಿತ್ತು. ನವೆಂಬರಿನಿಂದ ಮಾರ್ಚ್ ಎಂದರೆ ದ್ರಾಕ್ಷಿ ತೋಟ ರೊಕ್ಕ ತಿನ್ನುವ ಕಾಲ. ಆಳಿನ ಕೂಲಿ, ಔಷಧ, ಗೊನೆ ಅದ್ದುವ ಕೆಲಸ, ಕೋಲ್ಡ್ ಸ್ಟೋರೇಜಿನ ಬಾಡಿಗೆ, ಮೇಲೆ ಮನೆ ಖರ್ಚು. ಮಾರಿದ್ದೆಲ್ಲ ಉಳಿಯಿತು ಎನ್ನುವವರನ್ನು ಯಾವ ಅಧಿಕಾರಿಯೂ ನಂಬಬೇಕಿಲ್ಲ. ಕೂಲಿಯ ಪುಸ್ತಕ ಮತ್ತು ಔಷಧ ಅಂಗಡಿಯ ಬಿಲ್ಲು ಹಿಡಿದು ಲೆಕ್ಕ ಹಾಕಿದಾಗ ನಗದಾಗಿ ಹೋದದ್ದು ₹3,08,000. ಮಣೂಕದಿಂದ ಕೈಯಲ್ಲಿ ಉಳಿದದ್ದು ₹5,76,850. ಖರ್ಚನ್ನು ತಾವಾಗಿಯೇ ಕಳೆದು ತೋರಿಸಿದ ಈ ಸಾಲು ಉತ್ತರಕ್ಕೆ ಕೊಟ್ಟ ಬಲ ಯಾವ ಪಟ್ಟಿಯೂ ಕೊಟ್ಟಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಎರಡನೇ ಕವಲು ಮನೆಯ ರೊಕ್ಕ. 2024ರ ಜೂನ್ 20ರಂದು ಸಹಕಾರಿ ಬ್ಯಾಂಕೊಂದರ ಖಾತೆಯಿಂದ ₹6,00,000 ತೆಗೆದಿದ್ದರು. ಹಿಂದಿನ ಹಂಗಾಮಿನ ಮಣೂಕದ ಹಣ ಅದು, ಆ ಖಾತೆಗೆ ಬಂದದ್ದೂ ಬ್ಯಾಂಕಿನ ಮೂಲಕವೇ. ಗೌಂಡಿಗೆ ₹50,000 ಮುಂಗಡ ಕೊಟ್ಟರು, ಗೌಂಡಿ ಬೇರೆ ಕೆಲಸ ಹಿಡಿದು ಹೋದ, ಕಟ್ಟಡ ನಿಂತಿತು, ಉಳಿದ ₹5,50,000 ಮನೆಯಲ್ಲಿ ಉಳಿಯಿತು. ಪುರಾವೆಯೆಂದು ಆ ಬ್ಯಾಂಕಿನ ಸಹಿ ಮತ್ತು ಶಿಕ್ಕೆ ಇದ್ದ ಸ್ಟೇಟ್‌ಮೆಂಟ್, ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ, ಮುಂಗಡದ ಚೀಟಿ ಕೊಟ್ಟರು.

ಹಿಂದೆ ತೆಗೆದ ಹಣವನ್ನೇ ಮರಳಿ ತುಂಬಿದೆ ಎನ್ನುವುದು ನ್ಯಾಯವಾದ ವಿವರಣೆಯೇ. ಆದರೆ ಎಲ್ಲರೂ ಹೇಳಿ ಹೇಳಿ ಸವೆದ ವಿವರಣೆಯೂ ಹೌದು, ಅದಕ್ಕೇ ಅಧಿಕಾರಿಗಳು ಇಲ್ಲಿ ನಿಂತು ನೋಡುತ್ತಾರೆ. ತೆಗೆದ ದಿನಕ್ಕೂ ತುಂಬಿದ ದಿನಕ್ಕೂ ಇಲ್ಲಿ ಒಂಬತ್ತು ತಿಂಗಳ ಅಂತರವಿತ್ತು. ಶಾಖೆಯ ಅಧಿಕಾರಿ ಸ್ಟೇಟ್‌ಮೆಂಟ್ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆ ಇಡೀ ಪ್ರಕರಣದಲ್ಲೇ ಹೆಚ್ಚು ಹರಿತವಾದದ್ದು:

“ಸೆಪ್ಟೆಂಬರ್ 24ಕ್ಕ ಈ ಖಾತೇದಾಗಿಂದ ದೀಡ ಲಕ್ಷ ತಗದೀರಿ. ಮನ್ಯಾಗ ಐದೂವರಿ ಲಕ್ಷ ಇದ್ದಾಗ ಬ್ಯಾಂಕಿನಾಗಿಂದ ಯಾಕ ತಗದ್ರಿ?”

“ಸಾಹೇಬ್ರ, ಅದು ಚಾಟಣಿ ಖರ್ಚಿಗೆ ತಗದದ್ದರೀ. ಮನೀ ಕಟ್ಟೂ ರೊಕ್ಕ ಅವ್ವನ ಟ್ರಂಕಿನ್ಯಾಗ ಇತ್ತು, ದೀಪಾವಳಿ ಆದಮ್ಯಾಲ ಗೌಂಡಿ ಬರ್ತಾನಂತ ಆಕಿ ಮುಟ್ಟಗೊಡಲಿಲ್ಲರೀ.”

ಪ್ರಶ್ನೆಯ ಹಿಂದಿನ ತರ್ಕ ಇದು: ಕೈಯಲ್ಲಿ ನಗದು ಇರುವವರು ಮತ್ತೆ ನಗದು ತೆಗೆಯುತ್ತಾರೆ ಎಂದರೆ ಮೊದಲಿನದು ಖರ್ಚಾಗಿರಬೇಕು. ಬಾಯಿಮಾತಿನಲ್ಲಿ ಉತ್ತರ ಒಪ್ಪುವಂತಿದ್ದರೂ ಬರಹದಲ್ಲಿ ಬರದ ಉತ್ತರಕ್ಕೆ ಕಡತದಲ್ಲಿ ಬೆಲೆಯಿಲ್ಲ. ಆದ್ದರಿಂದ ಅದನ್ನು ಪತ್ರದಲ್ಲಿ ಪೂರ್ತಿಯಾಗಿ ಬರೆದರು: ಎರಡು ಹಣ ಬೇರೆ ಬೇರೆ ಉದ್ದೇಶದವು, ಸೆಪ್ಟೆಂಬರಿನ ₹1,50,000 ಅಕ್ಟೋಬರಿನ ಚಾಟಣಿಗೆ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಹೋಯಿತು, ಅದರ ಕೂಲಿ ಪುಸ್ತಕದ ಪುಟಗಳು ಇವು, ಕಟ್ಟಡ ನಿಲ್ಲಿಸುವ ತೀರ್ಮಾನ ಮಾಡಿದ್ದು ಫೆಬ್ರವರಿಯಲ್ಲಿ. ನಿಮ್ಮ ಕಥೆಯ ದುರ್ಬಲ ಜಾಗ ಯಾವುದೆಂದು ನಿಮಗೇ ಮೊದಲು ಗೊತ್ತಿರುತ್ತದೆ. ಅದನ್ನು ಬಿಟ್ಟು ಬರೆದ ಪತ್ರದಲ್ಲಿ ಕಣ್ಣಿಗೆ ಮೊದಲು ಬೀಳುವುದು ಆ ಬಿಟ್ಟ ಜಾಗವೇ.

ಮೂರನೆಯದು ಚಿಕ್ಕದು. ಅಣ್ಣ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಜೋಡಿ ಖಿಲಾರಿ ಎತ್ತು ಮಾರಿ, ಟ್ರ್ಯಾಕ್ಟರಿಗೆಂದು ₹1,80,000 ಜನವರಿ 18ರಂದು ಕೊಟ್ಟಿದ್ದರು. ಅಣ್ಣನ ಹೆಸರಿನ ಮಾರಾಟ ಪಾವತಿ, ಅವರ ಆಧಾರ್ ಪ್ರತಿ ಮತ್ತು ‘ಈ ಹಣ ನಾನು ಕೊಟ್ಟದ್ದು, ಸಾಲವಲ್ಲ, ಮರಳಿ ಕೇಳುವುದಿಲ್ಲ’ ಎಂಬ ಒಂದು ಪುಟದ ಪತ್ರ ಸಾಕಾಯಿತು. ‘ಸಾಲವಲ್ಲ’ ಎಂಬ ಮಾತು ನಿಜವಿದ್ದಾಗ ಮಾತ್ರ ಬರೆಯತಕ್ಕದ್ದು. ಇಪ್ಪತ್ತು ಸಾವಿರ ಮತ್ತು ಮೇಲ್ಪಟ್ಟ ನಗದು ಸಾಲಕ್ಕೆ ಬೇರೆಯೇ ನಿರ್ಬಂಧವಿದೆ.

ಕವಲುಗಳು ಕೂಡಿದ ಮೇಲೆ ಎಲ್ಲವನ್ನೂ ತಾರೀಖಿನ ಸಾಲಿನಲ್ಲಿ ಇಳಿಸಿದರು. ಈ ಒಂದು ಹಾಳೆಯೇ ಉತ್ತರದ ಬೆನ್ನೆಲುಬು. ಮೂಲಗಳ ಮೊತ್ತ ಕೂಡಿದರೆ ಸಾಲದು, ಯಾವ ದಿನವೂ ಕೈಯಲ್ಲಿದ್ದ ನಗದು ಸೊನ್ನೆಗಿಂತ ಕೆಳಗೆ ಇಳಿಯಬಾರದು, ಜಮಾ ಮಾಡಿದ ದಿನ ಅಷ್ಟು ಹಣ ಕೈಯಲ್ಲಿ ಇದ್ದಿರಬೇಕು.

| ದಿನ | ವಿವರ | ಬಂದದ್ದು | ಹೋದದ್ದು | ಕೈಯಲ್ಲಿ |
|---|---|---|---|---|
| 20-6-24 | ಸಹಕಾರಿ ಬ್ಯಾಂಕಿನಿಂದ | 6,00,000 | | 6,00,000 |
| 5-7-24 | ಗೌಂಡಿಗೆ ಮುಂಗಡ | | 50,000 | 5,50,000 |
| 24-9-24 | ಈ ಖಾತೆಯಿಂದ | 1,50,000 | | 7,00,000 |
| ಅಕ್ಟೋಬರ್ | ಚಾಟಣಿ ಖರ್ಚು | | 1,50,000 | 5,50,000 |
| 8-11-24 | ಮಣೂಕ | 1,74,000 | | 7,24,000 |
| ನವೆಂಬರ್ | ತೋಟ, ಮನೆ | | 90,000 | 6,34,000 |
| 6-12-24 | ಮಣೂಕ | 1,77,600 | | 8,11,600 |
| ಡಿಸೆಂಬರ್ | ತೋಟ, ಮನೆ | | 85,000 | 7,26,600 |
| 10-1-25 | ಮಣೂಕ | 1,95,750 | | 9,22,350 |
| 18-1-25 | ಅಣ್ಣನಿಂದ | 1,80,000 | | 11,02,350 |
| ಜನವರಿ | ತೋಟ, ಮನೆ | | 63,000 | 10,39,350 |
| 14-2-25 | ಮಣೂಕ | 3,37,500 | | 13,76,850 |
| ಮಾರ್ಚ್ 9ರ ತನಕ | ತೋಟ, ಬಾಡಿಗೆ, ಮನೆ | | 70,000 | 13,06,850 |
| 10ರಿಂದ 17-3-25 | ಬ್ಯಾಂಕಿಗೆ ಜಮಾ | | 13,00,000 | 6,850 |

ಕೊನೆಗೆ ಉಳಿದ ₹6,850ನ್ನು ಹಾಗೇ ಬಿಟ್ಟರು. ಕೊನೆಯ ಸಾಲು ಸೊನ್ನೆಗೆ ಬಂದು ನಿಲ್ಲಲಿ ಎಂದು ಖರ್ಚನ್ನು ಹಿಗ್ಗಿಸುವವರಿದ್ದಾರೆ. ಬಿಲ್ಲಿನಿಂದ ಹುಟ್ಟಿದ ಲೆಕ್ಕ ಅಪರೂಪಕ್ಕೂ ಸೊನ್ನೆಗೆ ನಿಲ್ಲುವುದಿಲ್ಲ.

ನಾಲ್ಕು ದಿನದ ನಲವತ್ತೊಂಬತ್ತು ಸಾವಿರಕ್ಕೂ ಒಂದು ಪ್ಯಾರಾ ಬೇಕಾಯಿತು. ದಿನಕ್ಕೆ ಐವತ್ತು ಸಾವಿರ ಮೀರಿದರೆ ಪ್ಯಾನ್ ಕೇಳುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಹಾಗೆ ತುಂಬಿದ್ದರು. ಅವರ ಪ್ಯಾನ್ ಖಾತೆಗೆ ಮೊದಲೇ ಜೋಡಣೆಯಾಗಿತ್ತು, ಅಂದರೆ ಒಡೆದು ತುಂಬಿದ್ದರಿಂದ ಎಳ್ಳಷ್ಟೂ ಲಾಭವಿರಲಿಲ್ಲ, ಸಂಶಯ ಮಾತ್ರ ಬಂತು. ಒಂದಕ್ಕೊಂದು ಸಂಬಂಧವಿರುವ ಸಣ್ಣ ಜಮಾಗಳನ್ನು ತಿಂಗಳೊಳಗೆ ಕೂಡಿಸಿ ಹತ್ತು ಲಕ್ಷ ದಾಟಿತೇ ಎಂದು ನೋಡುವ ನಿಯಮ ಬ್ಯಾಂಕಿಗಿದೆ. ಪತ್ರದಲ್ಲಿ ಬರೆದದ್ದು ಇಷ್ಟು:

‘ಮಾರ್ಚ್ 10ರಿಂದ 13ರವರೆಗೆ ತಲಾ ₹49,000 ಜಮಾ ಮಾಡಿದ್ದು ಪ್ಯಾನ್ ನಿಯಮದ ಬಗ್ಗೆ ನನಗಿದ್ದ ತಪ್ಪು ತಿಳಿವಳಿಕೆಯಿಂದ. ಈ ನಾಲ್ಕೂ ಮೊತ್ತ ಮತ್ತು 17ರ ಮೊತ್ತ ಒಂದೇ ಹಣದ ಭಾಗಗಳು. ಲಗತ್ತು 1ರ ನಗದು ಪಟ್ಟಿಯಲ್ಲಿ ಕೂಡಿಸಿ ತೋರಿಸಿದ್ದೇನೆ. ನನ್ನ ಈಗಿನ ವಾರ್ಷಿಕ ಆದಾಯದ ವಿವರದೊಂದಿಗೆ ಕೆವೈಸಿ ನವೀಕರಣದ ಅರ್ಜಿಯನ್ನು ಲಗತ್ತು 9ರಲ್ಲಿ ಇಟ್ಟಿದ್ದೇನೆ.’

ಒಟ್ಟು ಪತ್ರ ಎರಡು ಪುಟ, ಲಗತ್ತು ಒಂಬತ್ತು. ಪ್ರತಿ ಲಗತ್ತಿನ ಮೇಲ್ತುದಿಯಲ್ಲಿ ಸಂಖ್ಯೆ, ನಗದು ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲಿ ಅದೇ ಸಂಖ್ಯೆ. ಏಪ್ರಿಲ್ 4ರಂದು ಶಾಖೆಯಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ತಾರೀಖಿನ ಶಿಕ್ಕೆ ಹಾಕಿಸಿಕೊಂಡರು. ಮೂಲ ಪಟ್ಟಿಗಳನ್ನು ತೋರಿಸಿ ಮರಳಿ ಪಡೆದರು, ಕೊಟ್ಟದ್ದು ನಕಲು ಮಾತ್ರ.

ಎರಡು ವಾರದಲ್ಲಿ ಶಾಖೆ ವಿಚಾರಣೆ ಮುಗಿದದ್ದಾಗಿ ತಿಳಿಸಿತು, ಕೆವೈಸಿಯಲ್ಲಿ ಆದಾಯದ ಚೌಕವೂ ಬದಲಾಯಿತು. ಅಲ್ಲಿಗೆ ವರದಿಗಳು ನಿಲ್ಲುವುದಿಲ್ಲ ಎಂಬುದನ್ನು ಖಾತೆದಾರರಿಗೆ ಮೊದಲೇ ಹೇಳಲಾಗಿತ್ತು. ಹತ್ತು ಲಕ್ಷ ಮೀರಿದ ನಗದಿನ ವರದಿ ಮುಂದಿನ ತಿಂಗಳ 15ರೊಳಗೆ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಹೋಗಲೇಬೇಕು, ವಿವರಣೆ ಎಷ್ಟೇ ಚೆನ್ನಾಗಿದ್ದರೂ. ಅದು ಆರೋಪವಲ್ಲ, ನಿಯಮಿತ ವರದಿ. ಸಂಶಯಾಸ್ಪದ ವ್ಯವಹಾರದ ವರದಿ ಇದಕ್ಕಿಂತ ಬೇರೆ, ಮತ್ತು ಅದನ್ನು ಕಳಿಸಿದ್ದಾರೋ ಇಲ್ಲವೋ ಎಂದು ಗ್ರಾಹಕರಿಗೆ ಹೇಳುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ. ವ್ಯವಸ್ಥಾಪಕರನ್ನು ಪರಿಚಯದ ಮೇಲೆ ಕಾಡಿ ಕೇಳುವುದು ಅವರನ್ನು ತೊಂದರೆಗೆ ಸಿಕ್ಕಿಸಿದಂತೆ.

ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ಹತ್ತು ಲಕ್ಷ ಮುಟ್ಟಿದ ನಗದಿನ ವಿವರ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೂ ಹೋಗುತ್ತದೆ. ಆಮೇಲೆ ಅದು ಖಾತೆದಾರರ ವಾರ್ಷಿಕ ಮಾಹಿತಿ ವಿವರಣೆಯಲ್ಲಿ, ಅಂದರೆ `AIS`ನಲ್ಲಿ, `SFT-004` ಎಂಬ ಸಾಲಾಗಿ ಕಾಣುತ್ತದೆ. ತೆರಿಗೆ ಬೀಳದಿದ್ದರೂ ಆ ವರ್ಷ ರಿಟರ್ನ್ ಸಲ್ಲಿಸಿ, ಕೃಷಿ ಆದಾಯವನ್ನು ವಿನಾಯಿತಿ ಆದಾಯದ ಷೆಡ್ಯೂಲಿನಲ್ಲಿ ತೋರಿಸಲು ಲೆಕ್ಕ ಪರಿಶೋಧಕರು ಹೇಳಿದ್ದು ಇದೇ ಕಾರಣಕ್ಕೆ. ಅಲ್ಲಿ ತುಂಬಿದ ಅಂಕಿ ಬ್ಯಾಂಕಿಗೆ ಕೊಟ್ಟ ಅಂಕಿಗೆ ಹೊಂದಬೇಕು. ಆರ್‌ಟಿಜಿಎಸ್ ಆದ ₹3,36,000 ಮತ್ತು ನಗದಿನ ₹8,84,850 ಎರಡೂ ಸೇರಿ ಮಾರಾಟ ₹12,20,850, ಅದರಲ್ಲಿ ವರ್ಷದ ತೋಟದ ಖರ್ಚು ಕಳೆಯಬೇಕು, ಮನೆ ಖರ್ಚು ಕಳೆಯುವಂತಿಲ್ಲ. ಅಣ್ಣನ ಹಣ ಮತ್ತು ಮನೆ ಕಟ್ಟಲು ತೆಗೆದಿಟ್ಟ ಹಣ ಆ ಷೆಡ್ಯೂಲಿಗೆ ಬರುವುದೇ ಇಲ್ಲ. ಶಿಕ್ಕೆ ಬಿದ್ದ ಎರಡನೇ ಪ್ರತಿ, ಮೂಲ ಪಟ್ಟಿಗಳು ಮತ್ತು ಗೇಟ್‌ಪಾಸ್‌ಗಳು ಈಗ ಒಂದೇ ಫೈಲಿನಲ್ಲಿ ಲೆಕ್ಕ ಪರಿಶೋಧಕರ ಕಪಾಟಿನಲ್ಲಿವೆ. ಫೆಬ್ರವರಿ 14ರ ಮಾರಾಟದ ಫೈಲು ಅದರ ಪಕ್ಕದಲ್ಲಿದೆ.